ಮೂರು ಕೊಟೇಶನ್, ಒಂದು ಹಾಳೆ: ಕಂಪ್ಯಾರಿಟಿವ್ ಸ್ಟೇಟ್‌ಮೆಂಟ್ ಮಾಡುವ ಕ್ರಮ

ಸಣ್ಣ ಕಾರ್ಖಾನೆಗಳಲ್ಲಿ ಖರೀದಿ ಫೈಲ್ ತೆರೆದರೆ ಮೂರು ಕೊಟೇಶನ್ ಇರುತ್ತವೆ, ಮೇಲೊಂದು ಕಂಪ್ಯಾರಿಟಿವ್ ಸ್ಟೇಟ್‌ಮೆಂಟ್ ಪಿನ್ ಆಗಿರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಇರುವುದು ಮೂರು ಹೆಸರು, ಮೂರು ಬೆಲೆ, ಕಡಿಮೆ ಇರುವುದರ ಸುತ್ತ ಒಂದು ವೃತ್ತ. ಆ ಮೂರು ಬೆಲೆಗಳು ಒಂದೇ ವಸ್ತುವಿನ ಬೆಲೆಗಳಲ್ಲ ಎಂಬುದು ಲಾರಿ ಗೇಟಿಗೆ ಬಂದು ನಿಂತಾಗಲೇ ಗೊತ್ತಾಗುವುದು. ಒಂದು ಬೆಲೆ ಕೊಯಮತ್ತೂರಿನ ಗೋಡೌನ್ ಬಾಗಿಲಿನದು, ಇನ್ನೊಂದು ನಮ್ಮ ಗೇಟಿನದು, ಮತ್ತೊಂದರಲ್ಲಿ ತೆರಿಗೆಯೂ ಸೇರಿದೆ.

ಆದ್ದರಿಂದ ಹೋಲಿಕೆಗೆ ಕೂರುವ ಮೊದಲು ಒಂದು ಬಿಂದು ಗೊತ್ತು ಮಾಡಿಕೊಳ್ಳಿ: ಯಂತ್ರ ನಮ್ಮ ಶೆಡ್ಡಿನಲ್ಲಿ ಕೂತು ಓಡಲು ಶುರುವಾದ ದಿನ. ಪ್ರತಿ ಕೊಟೇಶನ್ನನ್ನೂ ಆ ಜಾಗಕ್ಕೆ, ಆ ದಿನಕ್ಕೆ ತಂದು ನಿಲ್ಲಿಸಬೇಕು. ಬೆಲೆ, ಡೆಲಿವರಿ, ವಾರಂಟಿ, ಹಣ ಕೊಡುವ ಕಂತು ನಾಲ್ಕೂ ಆ ಒಂದು ಬಿಂದುವಿನಿಂದ ಅಳೆದಾಗ ಮಾತ್ರ ಪಕ್ಕಪಕ್ಕದಲ್ಲಿ ಇಡಬಹುದು.

ಉದಾಹರಣೆಗೆ ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದ ಒಂದು ಮಷಿನ್ ಶಾಪ್ ಅಂದುಕೊಳ್ಳಿ. 20 ಎಚ್‌ಪಿಯ ಸ್ಕ್ರೂ ಏರ್ ಕಂಪ್ರೆಸರ್ ಬೇಕು, ಜೊತೆಗೆ ರೆಫ್ರಿಜರೇಟೆಡ್ ಡ್ರೈಯರ್ ಮತ್ತು 500 ಲೀಟರಿನ ಏರ್ ಟ್ಯಾಂಕ್. ಕೊಟೇಶನ್ ಬಂದದ್ದು ಮೂರು ಕಡೆಯಿಂದ: ಕೊಯಮತ್ತೂರಿನ ತಯಾರಕ, ಪುಣೆಯ ತಯಾರಕ, ಹುಬ್ಬಳ್ಳಿಯ ಡೀಲರ್. ಮುಂದೆ ಬರುವ ಅಂಕಿಗಳು ಲೆಕ್ಕ ತೋರಿಸಲು ಇಟ್ಟುಕೊಂಡವು. ಮಾರುಕಟ್ಟೆಯ ದರ ಎಂದು ಹಿಡಿಯಬೇಡಿ.

ಮೊದಲು ಮೂವರೂ ಒಂದೇ ವಸ್ತು ಕೊಡುತ್ತಿದ್ದಾರೆಯೇ ನೋಡಿ

ಬೆಲೆಯ ಸಾಲಿಗೆ ಹೋಗುವ ಮೊದಲು ಕೊಟೇಶನ್‌ನ ತಾಂತ್ರಿಕ ಪುಟ ಓದಿ. ಕಂಪ್ರೆಸರ್ ವಿಷಯದಲ್ಲಿ ಎಚ್‌ಪಿ ಒಂದೇ ಇದ್ದರೆ ಸಾಲದು. ಕೇಳಬೇಕಾದದ್ದು ಎಷ್ಟು ಬಾರ್ ಒತ್ತಡದಲ್ಲಿ ಎಷ್ಟು ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ, ಗಾಳಿ ಹೊರಗೆ ಬರುತ್ತದೆ ಎಂಬುದು. ಇದನ್ನೇ ಎಫ್‌ಎಡಿ ಎನ್ನುವುದು. 7 ಬಾರ್‌ನಲ್ಲಿ ಹೇಳಿದ ಸಿಎಫ್‌ಎಂಗೂ 10 ಬಾರ್‌ನಲ್ಲಿ ಹೇಳಿದ್ದಕ್ಕೂ ಹೋಲಿಕೆಯಿಲ್ಲ. ಇದರ ಜೊತೆಗೆ ಇಡೀ ಪ್ಯಾಕೇಜ್ ಎಷ್ಟು ಕಿಲೋವ್ಯಾಟ್ ವಿದ್ಯುತ್ ಎಳೆಯುತ್ತದೆ ಎಂಬುದನ್ನೂ ಕೇಳಿ ಬರೆಸಿಕೊಳ್ಳಿ. ಮೋಟರ್‌ನ 15 ಕಿಲೋವ್ಯಾಟ್ ಬೇರೆ, ಫ್ಯಾನ್ ಸೇರಿ ಮೀಟರ್‌ನಲ್ಲಿ ಕಾಣುವುದು ಬೇರೆ. ಅಷ್ಟೇ ಗಾಳಿಗೆ ಅರ್ಧ ಕಿಲೋವ್ಯಾಟ್ ಹೆಚ್ಚು ಎಳೆಯುವ ಯಂತ್ರ ವರ್ಷಕ್ಕೆ 4,000 ಗಂಟೆ ಓಡಿದರೆ 2,000 ಯೂನಿಟ್ ಹೆಚ್ಚು. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ 14,000 ರೂಪಾಯಿ, ಅದೂ ಪ್ರತಿ ವರ್ಷ. ನಾಲ್ಕು ಸಾವಿರಕ್ಕೆ ಚೌಕಾಸಿ ಮಾಡಿ ಇದನ್ನು ಬಿಟ್ಟವರು ಬಹಳ ಜನ. ನಮ್ಮ ಉದಾಹರಣೆಯಲ್ಲಿ ಮೂರೂ ಯಂತ್ರಗಳ ಗಾಳಿ, ವಿದ್ಯುತ್ ಹೆಚ್ಚುಕಡಿಮೆ ಸಮ ಎಂದಿಟ್ಟುಕೊಳ್ಳೋಣ.

ಇನ್ನು ಏನು ಸೇರಿದೆ, ಏನು ಬಿಟ್ಟಿದೆ. ಕೊಯಮತ್ತೂರಿನ ಕೊಟೇಶನ್‌ನಲ್ಲಿ ಡ್ರೈಯರ್ ಇದೆ, ಟ್ಯಾಂಕ್ ಇಲ್ಲ. ಅದು ಎರಡನೇ ಪುಟದಲ್ಲಿ "ಆಪ್ಷನಲ್" ಎಂಬ ತಲೆಬರಹದ ಕೆಳಗೆ 32,000ಕ್ಕೆ ಕೂತಿದೆ. ನಮಗೆ ಟ್ಯಾಂಕ್ ಬೇಕೇ ಬೇಕು, ಹಾಗಾಗಿ ನಮ್ಮ ಮಟ್ಟಿಗೆ ಅದು ಆಪ್ಷನಲ್ ಅಲ್ಲ, ಮೂಲ ಬೆಲೆಗೇ ಸೇರಬೇಕು.

ಹಾಳೆ ಹೀಗೆ ಹಾಕಿ

ಎಕ್ಸೆಲ್ ಅಥವಾ ಯಾವುದೇ ಶೀಟ್‌ನಲ್ಲಿ ಅಂಶಗಳನ್ನು ಅಡ್ಡ ಸಾಲುಗಳಲ್ಲಿ, ಸಪ್ಲೈಯರ್‌ಗಳನ್ನು ಉದ್ದ ಕಾಲಂಗಳಲ್ಲಿ ಇಡಿ. ನಾಲ್ಕನೆಯವರು ತಡವಾಗಿ ಕೊಟೇಶನ್ ಕಳಿಸಿದರೆ ಇನ್ನೊಂದು ಕಾಲಂ ಸೇರಿಸಿದರೆ ಆಯಿತು. ಪ್ರತಿ ಕಾಲಂನ ತಲೆಯಲ್ಲಿ ಕೊಟೇಶನ್ ನಂಬರ್, ತಾರೀಖು, ರಿವಿಷನ್ ಮತ್ತು ಎಷ್ಟು ದಿನ ಬೆಲೆ ಊರ್ಜಿತ ಎಂಬುದು ಇರಲಿ. ಫೋನಿನಲ್ಲಿ ಮಾತಾಡಿ ಇಳಿಸಿದ ಬೆಲೆ ರಿವಿಷನ್ 1 ಆಗಿ ಮೇಲ್‌ನಲ್ಲಿ ಬಾರದೆ ಹಾಳೆಗೆ ಹೋಗಬಾರದು.

ಒಂದು ಶಿಸ್ತು ಮಾತ್ರ ತಪ್ಪಿಸಬೇಡಿ. ಖಾಲಿ ಖಾನೆ ಬಿಡಬೇಡಿ. ಕೊಟೇಶನ್ "ಸೇರಿದೆ" ಎಂದಿದ್ದರೆ "ಸೇರಿದೆ" ಎಂದೇ ಬರೆಯಿರಿ. ಏನೂ ಹೇಳದಿದ್ದರೆ "ಹೇಳಿಲ್ಲ" ಎಂದು ಬರೆದು ಹಳದಿ ಬಣ್ಣ ಹಚ್ಚಿ. ಖಾಲಿ ಖಾನೆಯನ್ನು ಶೀಟ್ ಸೊನ್ನೆ ಎಂದು ಕೂಡಿಸುತ್ತದೆ, ಆಮೇಲೆ ಯಾವುದನ್ನೂ ಹೇಳದ ಸಪ್ಲೈಯರೇ ಅಗ್ಗವಾಗಿ ಕಾಣುತ್ತಾನೆ. ಹಳದಿ ಖಾನೆಗಳೇ ನಿಮ್ಮ ಮುಂದಿನ ಮೇಲ್‌ನ ಪ್ರಶ್ನೆಗಳು. ಉತ್ತರ ಬಂದಾಗ ಬಣ್ಣ ತೆಗೆದು, ಆ ಮೇಲ್‌ನ ತಾರೀಖನ್ನು ಸೆಲ್‌ನ ಟಿಪ್ಪಣಿಯಲ್ಲಿ ಹಾಕಿ.

ಬೆಲೆ: ಜಿಎಸ್‌ಟಿ ತೆಗೆದು, ಗೇಟಿನೊಳಗಿನ ಖರ್ಚು ಸೇರಿಸಿ

ಮೂರು ಕೊಟೇಶನ್‌ಗಳ ಮೊದಲ ಪುಟದಲ್ಲಿ ಕಾಣುವ ಮೊತ್ತ ಹೀಗಿದೆ: ಕೊಯಮತ್ತೂರು 4,10,000, ಪುಣೆ 4,65,000, ಹುಬ್ಬಳ್ಳಿ 5,54,600. ಇಷ್ಟನ್ನೇ ನೋಡಿದರೆ ಹುಬ್ಬಳ್ಳಿಯವರನ್ನು ಚಹಾ ಕುಡಿಸಿ ಕಳಿಸಬೇಕು. ಆದರೆ ಅವರ ಕೊಟೇಶನ್‌ನಲ್ಲಿ "ಜಿಎಸ್‌ಟಿ ಸೇರಿ" ಎಂದಿದೆ, ಉಳಿದಿಬ್ಬರದು "ಜಿಎಸ್‌ಟಿ 18% ಪ್ರತ್ಯೇಕ".

ಯಾವ ಬೆಲೆಯಿಂದ ಹೋಲಿಸಬೇಕು ಎಂಬುದು ಕೊಳ್ಳುವವರು ಯಾರು ಎಂಬುದರ ಮೇಲಿದೆ. ಜಿಎಸ್‌ಟಿ ನೋಂದಣಿ ಇದ್ದು, ತೆರಿಗೆ ಬೀಳುವ ಮಾಲು ಮಾಡುವ ಕಾರ್ಖಾನೆಗೆ ಯಂತ್ರದ ಮೇಲಿನ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಸಿಗುತ್ತದೆ, ಆ ತೆರಿಗೆಯ ಮೊತ್ತದ ಮೇಲೆ ಸವಕಳಿ ಕ್ಲೇಮ್ ಮಾಡದಿದ್ದರೆ. ಅಂಥವರು ಜಿಎಸ್‌ಟಿ ತೆಗೆದು ಹೋಲಿಸಬೇಕು. ಕ್ರೆಡಿಟ್ ಸಿಗದ ಶಾಲೆಯೋ ಟ್ರಸ್ಟೋ ಕೊಳ್ಳುತ್ತಿದ್ದರೆ ತೆರಿಗೆಯೂ ಖರ್ಚೇ, ಎಲ್ಲರದ್ದನ್ನೂ ತೆರಿಗೆ ಸೇರಿಸಿಯೇ ನೋಡಬೇಕು. ಪುಣೆಯಿಂದ ಬಂದರೆ ಐಜಿಎಸ್‌ಟಿ, ಹುಬ್ಬಳ್ಳಿಯಲ್ಲೇ ಕೊಂಡರೆ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ; ಕ್ರೆಡಿಟ್ ಎರಡಕ್ಕೂ ಇದೆ. ಡೀಲರ್ ಕಾಂಪೊಸಿಷನ್ ಸ್ಕೀಮಿನಲ್ಲಿ ಇಲ್ಲ ಎಂಬುದನ್ನು ಮಾತ್ರ ಖಚಿತ ಮಾಡಿಕೊಳ್ಳಿ. ಇದ್ದರೆ ಕ್ರೆಡಿಟ್ ಸಿಗುವುದಿಲ್ಲ, ಅವರು ಹೇಳಿದ ಪೂರ್ತಿ ಮೊತ್ತವೇ ಬೆಲೆ.

ತೆರಿಗೆ ಸೇರಿದ ಬೆಲೆಯಿಂದ ತೆರಿಗೆ ತೆಗೆಯುವಾಗ 18% ಕಳೆಯುವುದು ಸಾಮಾನ್ಯ ತಪ್ಪು. ಕಳೆಯಬಾರದು, ಭಾಗಿಸಬೇಕು:

```
=554600/1.18
```

ಉತ್ತರ 4,70,000. 18% ಕಳೆದಿದ್ದರೆ 4,54,772 ಬಂದು, ಡೀಲರ್ ಹದಿನೈದು ಸಾವಿರ ಅಗ್ಗವಾಗಿ ಕಾಣುತ್ತಿದ್ದ.

ಈಗ ಕೊಯಮತ್ತೂರಿನ ಕೊನೆಯ ಪುಟ. ಸಣ್ಣ ಅಕ್ಷರದಲ್ಲಿ ನಾಲ್ಕು ಸಾಲು ಇವೆ: ಬೆಲೆ ಎಕ್ಸ್-ವರ್ಕ್ಸ್, ಪಿ ಅಂಡ್ ಎಫ್ 2% ಪ್ರತ್ಯೇಕ, ಸಾಗಣೆ ಟು-ಪೇ, ಇನ್ಶೂರೆನ್ಸ್ ಕೊಳ್ಳುವವರದು. ಎಕ್ಸ್-ವರ್ಕ್ಸ್ ಅಂದರೆ ಅವರ ಕಾರ್ಖಾನೆ ಬಾಗಿಲಿನ ಬೆಲೆ, ಟು-ಪೇ ಅಂದರೆ ಲಾರಿ ಬಾಡಿಗೆಯನ್ನು ಮಾಲು ಬಂದಾಗ ನಾವು ಕೊಡುವುದು. ಪಿ ಅಂಡ್ ಎಫ್ ಅಂದರೆ ಪ್ಯಾಕಿಂಗ್ ಮಾಡಿ ಲಾರಿ ಆಫೀಸಿಗೆ ಮುಟ್ಟಿಸುವ ಖರ್ಚು. ಟ್ಯಾಂಕ್ ಸೇರಿ 4,42,000 ರೂಪಾಯಿಯ ಮೇಲೆ 2% ಎಂದರೆ 8,840. ಸಾಗಣೆಗೆ ಊಹೆಯ ಅಂಕಿ ಹಾಕಬೇಡಿ. ಯಂತ್ರದ ತೂಕ, ಪ್ಯಾಕಿಂಗ್ ಅಳತೆ ಕೇಳಿಕೊಂಡು ಟ್ರಾನ್ಸ್‌ಪೋರ್ಟ್‌ನವರಿಗೆ ಫೋನ್ ಮಾಡಿ. ಇಲ್ಲಿ ಸಾಗಣೆ 14,000, ಇನ್ಶೂರೆನ್ಸ್ 1,000 ಎಂದಿಟ್ಟುಕೊಳ್ಳೋಣ. ಗೇಟಿನಲ್ಲಿ ಇಳಿಸಲು ಹೈಡ್ರಾ ಕ್ರೇನಿನ ಬಾಡಿಗೆ ಮತ್ತು ಹಮಾಲಿ 4,000. ಇಂಜಿನಿಯರ್ ಬಂದು ಕಮಿಷನಿಂಗ್ ಮಾಡಿಕೊಡಲು, ಅಂದರೆ ಯಂತ್ರ ಜೋಡಿಸಿ ಓಡಿಸಿ ಕೊಡಲು, ಅವರು ಬೇರೆಯಾಗಿ 8,000 ಕೇಳಿದ್ದಾರೆ. ಎಲ್ಲ ಕೂಡಿಸಿದರೆ 4,77,840.

ಪುಣೆಯವರದು ಎಫ್‌ಒಆರ್ ಹುಬ್ಬಳ್ಳಿ, ಅಂದರೆ ಹುಬ್ಬಳ್ಳಿವರೆಗಿನ ಸಾಗಣೆ ಅವರದೇ; ಕಮಿಷನಿಂಗ್ ಉಚಿತ, ಆದರೆ ಇಳಿಸುವುದು ನಮ್ಮದು: 4,69,000. ಡೀಲರ್ ಫೌಂಡೇಶನ್ ಮೇಲೆ ಕೂರಿಸಿ ಓಡಿಸಿ ತೋರಿಸುತ್ತಾನೆ: 4,70,000. ಕಡಿಮೆಯಾಗಿ ಕಂಡದ್ದು ಈಗ ಎಲ್ಲರಿಗಿಂತ ಹೆಚ್ಚು.

ಡೆಲಿವರಿ: ಗಡಿಯಾರ ಯಾವಾಗ ಶುರುವಾಗುತ್ತದೆ

ಇಲ್ಲಿ ಎರಡು ಪ್ರಶ್ನೆ. ಒಂದು, ದಾರಿಯಲ್ಲಿ ಏನಾದರೂ ಆದರೆ ನಷ್ಟ ಯಾರದು. ಎಕ್ಸ್-ವರ್ಕ್ಸ್ ಎಂದರೆ ಅವರ ಗೇಟು ದಾಟಿದ ಕ್ಷಣದಿಂದ ನಮ್ಮದು. ಲಾರಿಯಲ್ಲಿ ಡ್ರೈಯರ್‌ನ ಪೈಪ್ ಬಾಗಿದರೆ ತಯಾರಕ ಫೋನ್ ಎತ್ತುತ್ತಾನೆ, ಜವಾಬ್ದಾರಿ ಎತ್ತುವುದಿಲ್ಲ. ಇನ್ಶೂರೆನ್ಸ್ ಇದ್ದರೂ ಕ್ಲೇಮ್ ನಿಲ್ಲಬೇಕಾದರೆ ಮಾಲು ಇಳಿಸುವಾಗಲೇ ಲಾರಿಯವರ ಎಲ್‌ಆರ್, ಅಂದರೆ ಲಾರಿ ರಸೀದಿ, ಪ್ರತಿಯ ಮೇಲೆ "ಪ್ಯಾಕಿಂಗ್ ಒಡೆದಿದೆ, ಎಡಭಾಗ ಜಜ್ಜಿದೆ" ಎಂದು ಬರೆದೇ ಸಹಿ ಹಾಕಿರಬೇಕು, ಫೋಟೊ ತೆಗೆದಿರಬೇಕು. ಎಫ್‌ಒಆರ್ ಆದರೆ ಸಾಮಾನ್ಯವಾಗಿ ನಮ್ಮ ಊರು ಮುಟ್ಟುವವರೆಗೆ ಅವರ ಹೊಣೆ, ಆದರೂ ಇನ್ಶೂರೆನ್ಸ್ ಅವರದೇ ಎಂದು ಬರೆಸಿಕೊಳ್ಳುವುದು ಒಳ್ಳೆಯದು.

ಎರಡು, ಎಷ್ಟು ವಾರ, ಯಾವತ್ತಿನಿಂದ. ಕೊಯಮತ್ತೂರಿನವರ "4ರಿಂದ 5 ವಾರ, ಅಡ್ವಾನ್ಸ್ ಮತ್ತು ಸ್ಪಷ್ಟವಾದ ಪಿ.ಒ. ಬಂದ ದಿನದಿಂದ" ಎಂಬ ಸಾಲಿನಲ್ಲಿ ತೂಕವಿರುವುದು ಕೊನೆಯ ಭಾಗಕ್ಕೆ. ಪಿ.ಒ. ಅಂದರೆ ನಾವು ಕೊಡುವ ಖರೀದಿ ಆದೇಶ. ಡ್ರಾಯಿಂಗ್‌ಗೆ ನಾವು ಒಪ್ಪಿಗೆ ಕೊಡಲು ಒಂದು ವಾರ ತಡ ಮಾಡಿದರೆ ಗಡಿಯಾರ ಅಲ್ಲಿಂದ ಶುರು. ಹಾಳೆಯಲ್ಲಿ ಯಾವಾಗಲೂ ಹೆಚ್ಚಿನ ಅಂಕಿಯನ್ನೇ ಹಿಡಿದು, ಅದಕ್ಕೆ ಸಾಗಣೆ ಮತ್ತು ಕಮಿಷನಿಂಗ್‌ಗೆ ಒಂದು ವಾರ ಸೇರಿಸಿ. ಕೊಯಮತ್ತೂರು 6 ವಾರ. ಪುಣೆ 6ರಿಂದ 8 ಎಂದಿರುವುದರಿಂದ 9. ಡೀಲರ್‌ಗೆ ಸ್ಟಾಕ್ ಇದೆ, ಎಲ್ಲ ಸೇರಿ 1 ವಾರ.

ಹಳೆಯ ಕಂಪ್ರೆಸರ್ ಇನ್ನೂ ಓಡುತ್ತಿದ್ದರೆ ಈ ವಾರಗಳಿಗೆ ರೂಪಾಯಿ ಬೆಲೆ ಕಟ್ಟಬೇಕಿಲ್ಲ, ನಮ್ಮ ಉದಾಹರಣೆಯಲ್ಲಿ ಹಾಗೇ ಇದೆ. ಕೆಟ್ಟು ಕೂತಿದ್ದರೆ ಬಾಡಿಗೆ ಕಂಪ್ರೆಸರ್‌ನ ದಿನದ ದರವನ್ನು ಕಾಯುವ ದಿನಗಳಿಂದ ಗುಣಿಸಿ ಒಂದು ಸಾಲು ಹಾಕಿ. ಉಳಿದ ಎಲ್ಲ ಸಾಲುಗಳನ್ನೂ ಅದೊಂದೇ ಮೀರಿಸಬಹುದು.

ಹಣದ ಕಂತು: ದಿನಗಳನ್ನು ರೂಪಾಯಿಗೆ ತಿರುಗಿಸಿ

ಕೊಯಮತ್ತೂರಿನವರು 50% ಅಡ್ವಾನ್ಸ್, ಉಳಿದದ್ದು ಕಳಿಸುವ ಮೊದಲು ಪ್ರೊಫಾರ್ಮಾ ಇನ್‌ವಾಯ್ಸ್ ಮೇಲೆ. ಪುಣೆಯವರು 30% ಅಡ್ವಾನ್ಸ್, 60% ಕಳಿಸುವ ಮೊದಲು, 10% ಕಮಿಷನಿಂಗ್ ಆದ 30 ದಿನದೊಳಗೆ. ಡೀಲರ್ 25% ಅಡ್ವಾನ್ಸ್, ಉಳಿದ 75% ಡೆಲಿವರಿಯಾದ 30 ದಿನಕ್ಕೆ.

ಇವನ್ನು ಬರೀ ಶೇಕಡಾವಾರಿನಲ್ಲಿ ಬರೆದಿಟ್ಟರೆ ಯಾವುದು ಎಷ್ಟು ಮೇಲು ಎಂದು ಹೇಳಲಾಗದು. ನಿಮ್ಮ ಓವರ್‌ಡ್ರಾಫ್ಟ್ ಖಾತೆಯ ಬಡ್ಡಿ ದರ ತೆಗೆದುಕೊಳ್ಳಿ. ಇಲ್ಲಿ ವರ್ಷಕ್ಕೆ 12%. ಪ್ರತಿ ಕಂತನ್ನೂ ಯಂತ್ರ ಓಡುವ ದಿನಕ್ಕಿಂತ ಎಷ್ಟು ವಾರ ಮುಂಚೆ ಕೊಡುತ್ತೀರಿ ಎಂದು ಎಣಿಸಿ. ಆಮೇಲೆ ಕೊಡುವುದಾದರೆ ವಾರವನ್ನು ಮೈನಸ್‌ನಲ್ಲಿ ಹಾಕಿ, 30 ದಿನವನ್ನು 4 ವಾರ ಎಂದು ಹಿಡಿಯಿರಿ. ಮೊತ್ತ `B12`ರಲ್ಲಿ, ವಾರ `B13`ರಲ್ಲಿ ಇದ್ದರೆ ಒಂದು ಕಂತಿನ ಬಡ್ಡಿ:

```
=B12*12%*B13/52
```

ಇಲ್ಲಿ ಮಾತ್ರ ಜಿಎಸ್‌ಟಿ ಸೇರಿದ ಮೊತ್ತ ಹಾಕಬೇಕು, ಏಕೆಂದರೆ ಕೈಯಿಂದ ಹೋಗುವ ಹಣ ಅದು. ಕೊಯಮತ್ತೂರಿನ ಇನ್‌ವಾಯ್ಸ್ ಸುಮಾರು 5,32,000. ಪ್ಯಾಕಿಂಗ್ ಮೇಲೂ ಜಿಎಸ್‌ಟಿ ಬೀಳುತ್ತದೆ. ಅರ್ಧ 6 ವಾರ ಮುಂಚೆ, ಅರ್ಧ 1 ವಾರ ಮುಂಚೆ: ಬಡ್ಡಿ ಸುಮಾರು 4,300. ಪುಣೆಯದು 5,48,700ರ ಮೇಲೆ ಇದೇ ರೀತಿ ಸುಮಾರು 3,670. ಅಡ್ವಾನ್ಸ್ ಕಡಿಮೆಯಿದ್ದರೂ ಅದು 9 ವಾರ ಅಲ್ಲಿ ಕೂತಿರುತ್ತದೆ, ಹಾಗಾಗಿ ಉಳಿತಾಯ ಅಷ್ಟಕ್ಕಷ್ಟೆ. ಡೀಲರ್ ವಿಷಯದಲ್ಲಿ ಬಡ್ಡಿ ನಮಗೇ ಉಳಿಯುತ್ತದೆ, ಸುಮಾರು 3,520.

ಪುಣೆಯ ಕೊನೆಯ 10%ಗೆ ಬಡ್ಡಿಯ ಲೆಕ್ಕ ಹೇಳುವುದಕ್ಕಿಂತ ಹೆಚ್ಚಿನ ಬೆಲೆಯಿದೆ. ಯಂತ್ರ ಬಂದು ಕಮಿಷನಿಂಗ್ ಇಂಜಿನಿಯರ್ ಬಾರದೆ ಕೂತಾಗ ನಮ್ಮ ಕೈಯಲ್ಲಿ ಉಳಿದ ಆ 54,870 ರೂಪಾಯಿಯೇ ಅವರಿಗೆ ನಮ್ಮ ಊರಿನ ದಾರಿ ನೆನಪಿಸುವುದು. ಕೊಯಮತ್ತೂರಿನ ಷರತ್ತಿನಲ್ಲಿ ಪೆಟ್ಟಿಗೆ ಬಿಚ್ಚುವ ಮೊದಲೇ ಪೂರ್ತಿ ಹಣ ಹೋಗಿರುತ್ತದೆ. ಇದನ್ನು ರೂಪಾಯಿಗೆ ತಿರುಗಿಸಲು ಹೋಗಬೇಡಿ, "ನಮ್ಮ ಕೈಯಲ್ಲಿ ಉಳಿಯುವ ಹಣ" ಎಂದು ಬೇರೆ ಸಾಲು ಇಡಿ.

ಉದ್ದದ ಉದ್ದರಿ ಸಿಕ್ಕಿತೆಂದು ಹಿಗ್ಗುವ ಮೊದಲು ಇನ್ನೊಂದು ನೋಡಬೇಕು. ತಯಾರಕ ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿದ್ದರೆ, ಒಪ್ಪಂದದಲ್ಲಿ ಏನೇ ಬರೆದಿದ್ದರೂ 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ 45 ದಿನದೊಳಗೆ ಹಣ ಕೊಡಬೇಕು. ಮೀರಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅಂಥವರು 90 ದಿನ ಕೊಟ್ಟರೂ ಹಾಳೆಯಲ್ಲಿ 45 ಎಂದೇ ಹಾಕಿ.

ವಾರಂಟಿ: ಎಷ್ಟು ತಿಂಗಳು ಎಂಬುದಕ್ಕಿಂತ ಎಲ್ಲಿಂದ ಎಲ್ಲಿಗೆ

ಮೂವರೂ "12 ತಿಂಗಳು" ಎನ್ನುತ್ತಾರೆ. ಹಾಳೆಯಲ್ಲಿ ಒಂದೇ ಸಾಲು ಇಟ್ಟರೆ ಮೂರು ಖಾನೆಯಲ್ಲೂ 12 ಬಂದು ವಿಷಯ ಮುಗಿದುಹೋಗುತ್ತದೆ. ಆದ್ದರಿಂದ ಇದನ್ನು ಒಡೆದು ಬರೆಯಿರಿ: ಯಾವ ದಿನದಿಂದ, ಯಾವ ದಿನದವರೆಗೆ, ಏನೇನು ಸೇರಿದೆ, ಯಾರು ಹೊಣೆ, ಯಾವ ಷರತ್ತಿಗೆ.

ಕೊಯಮತ್ತೂರಿನದು ಈ ವ್ಯವಹಾರದಲ್ಲಿ ಸಾಮಾನ್ಯವಾಗಿ ಕಾಣುವ ಮಾತು: ಕಮಿಷನಿಂಗ್‌ನಿಂದ 12 ತಿಂಗಳು ಅಥವಾ ಕಾರ್ಖಾನೆಯಿಂದ ಕಳಿಸಿದ ದಿನದಿಂದ 18 ತಿಂಗಳು, ಯಾವುದು ಮೊದಲೋ ಅದು. ನೇರವಾಗಿ ತಯಾರಕರಿಂದ ಬಂದು ಕೂಡಲೇ ಕೂರಿಸುವ ಯಂತ್ರಕ್ಕೆ ಇದರಿಂದ ತೊಂದರೆಯಿಲ್ಲ. ಪುಣೆಯವರದು ಕಮಿಷನಿಂಗ್‌ನಿಂದ 12 ತಿಂಗಳು, ಅದರ ಮೇಲೆ ಏರ್-ಎಂಡ್‌ಗೆ, ಅಂದರೆ ಗಾಳಿ ಒತ್ತುವ ಸ್ಕ್ರೂ ಜೋಡಿಗೆ, 5 ವರ್ಷ.

ಡೀಲರ್‌ನ ಕೊಟೇಶನ್‌ನಲ್ಲಿ "ಇನ್‌ವಾಯ್ಸ್ ದಿನದಿಂದ 12 ತಿಂಗಳು" ಎಂದಿತ್ತು. ಇಲ್ಲಿ ಫೋನ್ ಮಾಡಿ ಕೇಳಬೇಕಾದ ಪ್ರಶ್ನೆ, ವಾರಂಟಿ ಕಂಪನಿಯದೋ ನಿಮ್ಮದೋ. "ಕಂಪನೀದ ರೀ ಸರ್, ಕಾರ್ಡ್ ನಾವು ಕೊಡಿಸ್ತೀವಿ" ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡಬೇಡಿ. ಗೋಡೌನ್‌ಗೆ ಹೋಗಿ ಯಂತ್ರದ ನೇಮ್ ಪ್ಲೇಟ್‌ನ ಫೋಟೊ ತೆಗೆದುಕೊಳ್ಳಿ. ತಯಾರಿಕೆಯ ತಿಂಗಳು, ಸೀರಿಯಲ್ ನಂಬರ್ ಅದರಲ್ಲಿ ಇರುತ್ತವೆ. ಆ ನಂಬರ್ ಕೊಟ್ಟು, ಕಾರ್ಖಾನೆಯಿಂದ ಹೊರಟ ದಿನ ಯಾವುದು ಎಂದು ಕಂಪನಿಗೆ ಮೇಲ್ ಮಾಡಿ. ನಮ್ಮ ಉದಾಹರಣೆಯ ಯಂತ್ರ ಡೀಲರ್ ಗೋಡೌನ್‌ಗೆ ಬಂದು 9 ತಿಂಗಳಾಗಿದೆ. ಕಂಪನಿಯ ಷರತ್ತು ಅದೇ "12 ಅಥವಾ 18, ಯಾವುದು ಮೊದಲೋ". ಹಾಗಾದರೆ ಕಂಪನಿಯ ಕಡೆಯಿಂದ ಉಳಿದಿರುವುದು 9 ತಿಂಗಳು. ಕೊನೆಯ 3 ತಿಂಗಳು ಡೀಲರ್‌ನ ಬಾಯಿಮಾತು.

ವಾರಂಟಿಯಲ್ಲಿ ಸೇರದ ವಸ್ತುಗಳ ಪಟ್ಟಿಯನ್ನೂ ಓದಿ. ಆಯಿಲ್, ಫಿಲ್ಟರ್, ಸೆಪರೇಟರ್ ಎಲ್ಲರೂ ಬಿಡುತ್ತಾರೆ, ಅದು ಸರಿಯೇ. ಎಲೆಕ್ಟ್ರಿಕಲ್ ಭಾಗಗಳನ್ನೂ, ಇಂಜಿನಿಯರ್‌ನ ಓಡಾಟದ ಖರ್ಚನ್ನೂ ಬಿಟ್ಟಿದ್ದರೆ ಅದನ್ನು ಗುರುತು ಹಾಕಿಕೊಳ್ಳಿ.

ಪುಣೆಯ 5 ವರ್ಷಕ್ಕೂ ಒಂದು ಷರತ್ತಿದೆ: ಅವರದೇ ಆಯಿಲ್, ಅವರದೇ ಬಿಡಿಭಾಗ, ಅವರದೇ ಸರ್ವೀಸ್ ಕಾಂಟ್ರಾಕ್ಟ್. ಆ ಕಾಂಟ್ರಾಕ್ಟ್‌ನ ದರವನ್ನು ಈಗಲೇ ಬರೆಸಿಕೊಳ್ಳಿ. ಅದು ವರ್ಷಕ್ಕೆ 28,000, ಊರಿನ ಮೆಕ್ಯಾನಿಕ್ ಕೈಯಲ್ಲಿ ಅದೇ ಕೆಲಸ 20,000 ಎಂದಾದರೆ ವ್ಯತ್ಯಾಸ 8,000. ಎರಡನೆಯಿಂದ ಐದನೆಯ ವರ್ಷದವರೆಗೆ 32,000. ಏರ್-ಎಂಡ್ ವಾರಂಟಿಯ ನಿಜವಾದ ಬೆಲೆ ಇದು, ಕೊಟೇಶನ್‌ನಲ್ಲಿ ಉಚಿತ ಎಂದು ಕಂಡರೂ.

ಒಂದೇ ಹಾಳೆಯಲ್ಲಿ

| ಅಂಶ | ಕೊಯಮತ್ತೂರು | ಪುಣೆ | ಹುಬ್ಬಳ್ಳಿ |
|---|---|---|---|
| ಕೊಟೇಶನ್‌ನಲ್ಲಿ ಕಂಡ ಬೆಲೆ | 4,10,000 | 4,65,000 | 5,54,600 |
| ಟ್ಯಾಂಕ್ ಸೇರಿ, ಜಿಎಸ್‌ಟಿ ಇಲ್ಲದೆ | 4,42,000 | 4,65,000 | 4,70,000 |
| ಪ್ಯಾಕಿಂಗ್ | 8,840 | ಸೇರಿದೆ | ಸೇರಿದೆ |
| ಸಾಗಣೆ, ಇನ್ಶೂರೆನ್ಸ್ | 15,000 | ಸೇರಿದೆ | ಸೇರಿದೆ |
| ಇಳಿಸುವ ಖರ್ಚು | 4,000 | 4,000 | ಸೇರಿದೆ |
| ಕಮಿಷನಿಂಗ್ | 8,000 | ಸೇರಿದೆ | ಸೇರಿದೆ |
| ಶೆಡ್ಡಿನೊಳಗಿನ ಬೆಲೆ | 4,77,840 | 4,69,000 | 4,70,000 |
| ಕಂತಿನ ಬಡ್ಡಿ | +4,300 | +3,670 | −3,520 |
| ಹೋಲಿಕೆಯ ಮೊತ್ತ | 4,82,140 | 4,72,670 | 4,66,480 |
| ಓಡಲು ಬೇಕಾದ ವಾರ | 6 | 9 | 1 |
| ಕಮಿಷನಿಂಗ್ ವೇಳೆ ನಮ್ಮ ಕೈಯಲ್ಲಿ ಉಳಿಯುವ ಹಣ | ಇಲ್ಲ | 10% | 75% |
| ಕಂಪನಿ ವಾರಂಟಿ | 12 ತಿಂಗಳು | 12 ತಿಂಗಳು; ಏರ್-ಎಂಡ್ 5 ವರ್ಷ, ಷರತ್ತಿದೆ | ಸುಮಾರು 9 ತಿಂಗಳು |

ರೂಪಾಯಿಯ ಸಾಲುಗಳನ್ನು ಮಾತ್ರ ಕೂಡಿಸಿ. ವಾರಂಟಿಗೆ 20 ಅಂಕ, ಡೆಲಿವರಿಗೆ 10 ಅಂಕ ಎಂದು ಕೊಟ್ಟು ಒಟ್ಟು ಅಂಕ ತೆಗೆಯುವ ಪದ್ಧತಿ ದೊಡ್ಡ ಕಚೇರಿಗಳಲ್ಲಿ ಇದೆ. ಇಷ್ಟು ಸಣ್ಣ ಖರೀದಿಗೆ ನನಗೆ ಅದು ಒಗ್ಗುವುದಿಲ್ಲ. ತೂಕವನ್ನು ಸ್ವಲ್ಪ ಅತ್ತಿತ್ತ ಮಾಡಿದರೆ ಮೊದಲೇ ಮನಸ್ಸಿನಲ್ಲಿದ್ದವರೇ ಗೆಲ್ಲುತ್ತಾರೆ.

ಹಾಳೆ ಹಿಡಿದು ಮಾತುಕತೆ

ಪುಣೆ ಮತ್ತು ಹುಬ್ಬಳ್ಳಿಯ ನಡುವಿನ ವ್ಯತ್ಯಾಸ 6,190 ರೂಪಾಯಿ, ನೂರಕ್ಕೆ ಸುಮಾರು 1.3ರಷ್ಟು. ಸಾಗಣೆ, ಬಡ್ಡಿ ಎಲ್ಲ ಅಂದಾಜು ಸೇರಿರುವಾಗ ಇಷ್ಟು ಸಣ್ಣ ಅಂತರದ ಮೇಲೆ ತೀರ್ಮಾನ ಮಾಡಬಾರದು. ಕೊಯಮತ್ತೂರು ಬೆಲೆಯಲ್ಲೂ ಕಂತಿನಲ್ಲೂ ಹಿಂದೆ ಬಿದ್ದಿದೆ. ಅವರು ಎಫ್‌ಒಆರ್‌ಗೆ ಬಂದು ಕೊನೆಯ 10% ಬಿಟ್ಟುಕೊಟ್ಟರೆ ಮಾತ್ರ ಮತ್ತೆ ನೋಡಬಹುದು.

ಈಗ ಯಾರಲ್ಲಿ ಏನು ಕೇಳಬೇಕು ಎಂಬುದು ಹಾಳೆಯಲ್ಲೇ ಇದೆ. ಡೀಲರ್ ಬಳಿ ಬೆಲೆ ಇಳಿಸಲು ಕೇಳಬೇಡಿ. ಆ ಸೀರಿಯಲ್ ನಂಬರಿಗೆ ಕಮಿಷನಿಂಗ್‌ನಿಂದ 12 ತಿಂಗಳ ವಾರಂಟಿ ಎಂದು ಕಂಪನಿಯ ಲೆಟರ್‌ಹೆಡ್‌ನಲ್ಲಿ ಪತ್ರ ಕೇಳಿ. ಹಳೆಯ ಸ್ಟಾಕ್ ಖಾಲಿ ಮಾಡಬೇಕಾದ ಡೀಲರ್‌ಗೆ ಇದನ್ನು ಕೊಡಿಸಲು ದಾರಿ ಗೊತ್ತಿರುತ್ತದೆ. ಪುಣೆಯವರ ಬಳಿ ಸರ್ವೀಸ್ ಕಾಂಟ್ರಾಕ್ಟ್ ದರವನ್ನು ಐದು ವರ್ಷಕ್ಕೆ ಕಟ್ಟಿಹಾಕಲು ಕೇಳಿ, ಡೆಲಿವರಿ ತಡವಾದರೆ ವಾರಕ್ಕೆ 0.5%, ಗರಿಷ್ಠ 5% ಕಡಿತದ ಷರತ್ತು ಹಾಕಿ.

ಪತ್ರ ಬಂದರೆ, ದಿನಕ್ಕೆ ಒಂದೇ ಪಾಳಿ ಓಡುವ ಶಾಪ್‌ಗೆ ನಾನು ಹುಬ್ಬಳ್ಳಿಯ ಯಂತ್ರವನ್ನೇ ಆರಿಸುತ್ತೇನೆ. ಎರಡು ಮೂರು ಪಾಳಿ ಓಡುವ ಕಡೆ ಏರ್-ಎಂಡ್ ಬೇಗ ಸವೆಯುತ್ತದೆ, ಅಲ್ಲಿ ಪುಣೆಯ 5 ವರ್ಷಕ್ಕೆ 32,000 ಕೊಡುವುದು ದುಬಾರಿಯಲ್ಲ. ಪತ್ರ ಬಾರದಿದ್ದರೆ ಎರಡೂ ಕಡೆ ಪುಣೆ.

ಪಿ.ಒ. ಬರೆಯುವಾಗ "ನಿಮ್ಮ ಕೊಟೇಶನ್ ಪ್ರಕಾರ" ಎಂದು ಒಂದು ಸಾಲಿನಲ್ಲಿ ಮುಗಿಸಬೇಡಿ. ಹಾಗೆ ಬರೆದರೆ ಅವರ ಕೊನೆಯ ಪುಟದ ಸಣ್ಣ ಅಕ್ಷರವೂ ಜೊತೆಗೆ ಬರುತ್ತದೆ. ಹಾಳೆಯಲ್ಲಿ ಆ ಕಾಲಂನಲ್ಲಿ ಇರುವ ಪ್ರತಿ ಸಾಲನ್ನೂ, ಸಾಗಣೆ ಯಾರದು, ಇಳಿಸುವುದು ಯಾರದು, ವಾರಂಟಿ ಯಾವ ದಿನದಿಂದ, ಕೊನೆಯ ಕಂತು ಯಾವಾಗ ಎಂಬುದನ್ನೂ ಪಿ.ಒ.ಗೆ ಇಳಿಸಿ, ಅವರ ಸಹಿ ಮಾಡಿದ ಒಪ್ಪಿಗೆಯ ಪ್ರತಿ ಬಂದ ಮೇಲೆಯೇ ಅಡ್ವಾನ್ಸ್ ಕಳಿಸಿ.